ಒಂದೇ ಉಸಿರಿನ ವಿವರಣೆಯನ್ನು ಬಿಡಿಸುವ ಬಗೆ

ಆನ್‌ಲೈನ್‌ನಲ್ಲಿ ಸೀರೆ ಮಾರುವವರು ಬರೆಯುವ ವಿವರಣೆ ಹೆಚ್ಚಾಗಿ ಹೀಗಿರುತ್ತದೆ:

“ಈ ಇಳಕಲ್ ಸೀರೆ ಹತ್ತಿಯ ಒಡಲು ಹೊಂದಿದ್ದು, ಕೆಂಪು ರೇಷ್ಮೆ ಸೆರಗನ್ನು ಕೊಂಡಿ ಹಾಕಿ ಕೈಮಗ್ಗದಲ್ಲಿ ನೇಯ್ದಿದ್ದು, ಆರು ಮೀಟರಿಗೂ ಹೆಚ್ಚು ಉದ್ದವಿದ್ದು, ರವಿಕೆ ಬಟ್ಟೆಯೂ ಇದ್ದು, ಮೊದಲ ಸಲ ಬೇರೆಯಾಗಿ ಒಗೆಯಬೇಕಾಗಿದ್ದು, ಗೋಮಿ ದಡಿಯಿಂದ ಎಲ್ಲ ಸಮಾರಂಭಗಳಿಗೂ ಒಪ್ಪುತ್ತದೆ.”

ಇದರಲ್ಲಿ ಸುಳ್ಳಿಲ್ಲ, ಆದರೆ ಬೇಕಾದ್ದು ಕಣ್ಣಿಗೆ ಬೀಳುವುದಿಲ್ಲ. ಜೇಕಬ್ ನೀಲ್ಸನ್ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇಕಡಾ 79 ಮಂದಿ ಹೊಸ ಜಾಲಪುಟದ ಮೇಲೆ ಬರೀ ಕಣ್ಣಾಡಿಸುತ್ತಿದ್ದರು. ಪದಪದವನ್ನೂ ಓದಿದವರು ಶೇಕಡಾ 16 ಮಾತ್ರ.

ಬಿಡಿಸುವ ಕೆಲಸವನ್ನು “ಇದ್ದು” ಬಂದಲ್ಲೆಲ್ಲ ಕತ್ತರಿಸುವುದರಿಂದ ಆರಂಭಿಸಿ. ಆಮೇಲೆ ತುಂಡುಗಳನ್ನು ಮೂರು ಗುಂಪು ಮಾಡಿ. ಅಳೆಯುವಂಥದ್ದು, ಹೆಸರಿಸುವಂಥದ್ದು ಕೋಷ್ಟಕಕ್ಕೆ. ಕೊಳ್ಳುವ ಮುನ್ನ ತಿಳಿದಿರಬೇಕಾದದ್ದು ಬುಲೆಟ್ ಸಾಲುಗಳಿಗೆ. ಕಾರಣ ಹೇಳಬೇಕಾದದ್ದು ವಾಕ್ಯವಾಗಿಯೇ ಉಳಿಯಲಿ. “ಎಲ್ಲ ಸಮಾರಂಭಗಳಿಗೂ” ಎಂಬುದು ಯಾವ ಸೀರೆಗೂ ಸಲ್ಲುವ ಮಾತು, ಬಿಟ್ಟುಬಿಡಿ.

ಕೋಷ್ಟಕ ತುಂಬಲು ಕೂತಾಗ ಲೋಪ ತಾನಾಗಿ ಬಯಲಾಗುತ್ತದೆ. ಆರು ಮೀಟರಿನಲ್ಲಿ ರವಿಕೆಯ ಬಟ್ಟೆ ಸೇರಿದೆಯೋ ಇಲ್ಲವೋ? ಮೂಲ ವಾಕ್ಯ ಅದನ್ನು ಹೇಳಿಯೇ ಇರಲಿಲ್ಲ. ಸೀರೆಯನ್ನು ಅಳೆದು ಎರಡು ಸಾಲು ಮಾಡಿದರೆ ಗೊಂದಲವಿಲ್ಲ:

ನೇಯ್ಗೆ

ಒಡಲಿನ ಹತ್ತಿ ಹಾಸಿಗೂ ಸೆರಗಿನ ರೇಷ್ಮೆ ಹಾಸಿಗೂ ಎಳೆ ಎಳೆಯಾಗಿ ಕೊಂಡಿ ಹಾಕಿ ನೇಯಲಾಗಿದೆ. ಆದ್ದರಿಂದ ಸೆರಗಿನ ಬುಡದಲ್ಲಿ ಕಾಣುವ ಜೋಡಣೆ ದೋಷವಲ್ಲ.

ಕೊಳ್ಳುವ ಮುನ್ನ

- ರವಿಕೆ ಬಟ್ಟೆ: ಸೀರೆಯ ಜೊತೆಗೇ ಇದೆ
- ಮೊದಲ ಒಗೆತ: ಬೇರೆ ಬಟ್ಟೆಯೊಂದಿಗೆ ಸೇರಿಸಬೇಡಿ

ಅಳತೆ, ನೂಲು

| ವಿವರ | ಈ ಸೀರೆಯಲ್ಲಿ |
|---|---|
| ಉದ್ದ, ರವಿಕೆ ಬಿಟ್ಟು | 5.5 ಮೀಟರ್ |
| ರವಿಕೆ ಬಟ್ಟೆ | 80 ಸೆಂ.ಮೀ. |
| ಒಡಲು | ಹತ್ತಿ |
| ಸೆರಗು | ಕೆಂಪು ರೇಷ್ಮೆ |
| ದಡಿ | ಗೋಮಿ |
| ಮಗ್ಗ | ಕೈಮಗ್ಗ |

ಬುಲೆಟ್‌ಗಳಲ್ಲಿ ವಿಷಯದ ಹೆಸರು ಮೊದಲು ಬಂದಿರುವುದನ್ನು ಗಮನಿಸಿ. ಕಣ್ಣಾಡಿಸುವವರು ಸಾಲಿನ ಮೊದಲೆರಡು ಪದಗಳನ್ನಷ್ಟೇ ನೋಡಿ ಮುಂದೆ ಹೋಗುತ್ತಾರೆ. ಪ್ರತಿ ಸಾಲೂ “ನಮ್ಮ ಈ ಸುಂದರ ಸೀರೆಯ” ಎಂದು ಶುರುವಾದರೆ ಅವರಿಗೆ ಏನೂ ದಕ್ಕದು. ಕೋಷ್ಟಕಕ್ಕೆ ಎರಡೇ ಕಂಬಸಾಲು ಸಾಕು, ಮೂರಾದರೆ ಫೋನಿನ ಪರದೆಯಲ್ಲಿ ಪಕ್ಕಕ್ಕೆ ಸರಿಸಿ ನೋಡಬೇಕಾಗುತ್ತದೆ.

ಎಲ್ಲವನ್ನೂ ತುಂಡು ಮಾಡುವುದೂ ತಪ್ಪು. “ಕೊಂಡಿ ನೇಯ್ಗೆ” ಎಂದಷ್ಟೇ ಬುಲೆಟ್ ಹಾಕಿದ್ದರೆ, ಜೋಡಣೆಯನ್ನು ಕಂಡ ಗ್ರಾಹಕರು ಹೊಲಿಗೆ ಬಿಟ್ಟಿದೆಯೆಂದು ಸೀರೆ ವಾಪಸು ಕಳಿಸಬಹುದು. ಅಲ್ಲಿ “ಆದ್ದರಿಂದ” ಎಂಬ ಕೊಂಡಿಯೇ ಮುಖ್ಯ.

ಬರೆದು ಮುಗಿಸಿದ ಮೇಲೆ ಸೀರೆಯನ್ನು ನೋಡಿರದ ಒಬ್ಬರ ಕೈಗೆ ಫೋನು ಕೊಡಿ. ರವಿಕೆಯ ಬಟ್ಟೆ ಎಷ್ಟಿದೆ, ಸೆರಗು ಯಾವ ನೂಲಿನದು, ಹೇಗೆ ಒಗೆಯಬೇಕು ಎಂದು ಕೇಳಿ. ಯಾವ ಪ್ರಶ್ನೆಗೆ ಅವರು ಪುಟವನ್ನು ಮೇಲೆ ಕೆಳಗೆ ಹುಡುಕುತ್ತಾರೋ, ಆ ವಿವರ ಇನ್ನೂ ತನ್ನ ಜಾಗಕ್ಕೆ ಬಂದಿಲ್ಲ.