ತಲಕಟ್ಟು ಕೊಡುವ ಸುಳಿವು

ಕೊಳ್ಳೇಗಾಲ, ಹನೂರು, ಯಳಂದೂರು. ಈ ಮೂರು ತಾಲ್ಲೂಕುಗಳ ಹೆಸರನ್ನು ಸಾಲಿಗೊಂದರಂತೆ ಬರೆದ ಒಂದು ಪುಟ್ಟ ಕಡತವನ್ನು ಯಾರೋ ನಿಮ್ಮ ವ್ಯವಸ್ಥೆಗೆ ಅಪ್‌ಲೋಡ್ ಮಾಡಿದ್ದಾರೆ ಎಂದಿಟ್ಟುಕೊಳ್ಳಿ. ತೆರೆದು ನೋಡಿದರೆ ಕಾಣುವುದು ಇದು:

```
PÉÆ¼ÉîÃUÁ®
ºÀ£ÀÆgÀÄ
AiÀÄ¼ÀAzÀÆgÀÄ
```

ಸರ್ಕಾರಿ ಕಚೇರಿಗಳ ಹಳೆಯ ಕಡತಗಳನ್ನು ಕಂಡವರಿಗೆ ಇದು ‘ನುಡಿ’ಯಲ್ಲಿ ಟೈಪ್ ಮಾಡಿದ್ದೆಂದು ಥಟ್ಟನೆ ಗೊತ್ತಾಗುತ್ತದೆ. ರಾಜ್ಯ ಸರ್ಕಾರಕ್ಕಾಗಿ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ತಂತ್ರಾಂಶ ಅದು. ಆದರೆ ಕಂಪ್ಯೂಟರಿಗೆ ಅದು ಹೇಗೆ ಗೊತ್ತಾಗಬೇಕು? ಕಡತದೊಳಗೆ ಇರುವುದು ಬರೀ ಬೈಟ್‌ಗಳು, ಅಂದರೆ 0ಯಿಂದ 255ರವರೆಗಿನ ಸಂಖ್ಯೆಗಳು. ಅವನ್ನು ಯಾವ ಕೋಷ್ಟಕ ಹಿಡಿದು ಓದಬೇಕೆಂದು ಸಾದಾ ಪಠ್ಯ ಕಡತದಲ್ಲಿ ಎಲ್ಲೂ ಬರೆದಿರುವುದಿಲ್ಲ. ಹಾಗಾಗಿ ಊಹಿಸಬೇಕು. ಊಹೆ ಎಂದರೂ ಇಲ್ಲಿ ನಡೆಯುವ ಕೆಲಸ ಬಹುಮಟ್ಟಿಗೆ ‘ಇದಲ್ಲ, ಇದಲ್ಲ’ ಎಂದು ಒಂದೊಂದನ್ನೇ ತಳ್ಳಿಹಾಕುವುದು. ಬಹಳ ಕಟ್ಟುನಿಟ್ಟಿನ ನಿಯಮ ಇರುವುದನ್ನು ಮೊದಲು ಪರೀಕ್ಷಿಸಬೇಕು, ಏನು ಕೊಟ್ಟರೂ ಒಪ್ಪುವುದನ್ನು ಕೊನೆಗೆ.

ಯುಟಿಎಫ್-8ರ ನಿಯಮ ಬಿಗಿಯಾದದ್ದು. ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ರೂಪಿಸಿದ ಈ ವಿಧಾನದಲ್ಲಿ ಒಂದೊಂದು ಕನ್ನಡ ಅಕ್ಷರಕ್ಕೂ, ಒಂದೊಂದು ಕಾಗುಣಿತ ಚಿಹ್ನೆಗೂ ಮೂರು ಬೈಟ್ ಬೇಕು. ಹದಿನಾರರ ಎಣಿಕೆಯಲ್ಲಿ ಬರೆದರೆ ಮೊದಲೆರಡು ಯಾವಾಗಲೂ E0 B2 ಅಥವಾ E0 B3. ‘ಹ’ ಎಂದರೆ E0 B2 B9. ಇದಕ್ಕೆ ಎದುರಾಗಿ ನುಡಿಯಲ್ಲಿ ‘ಹನೂರು’ ಹೀಗಿರುತ್ತದೆ:

```
BA C0 A3 C0 C6 67 C0 C4
```

ಮೂರು ಬಾರಿ ಬಂದಿರುವ C0 ಗಮನಿಸಿ. ಪರದೆಯ ಮೇಲೆ À ಆಗಿ ಕಾಣುವ ಅದು ನುಡಿಯಲ್ಲಿ ತಲಕಟ್ಟು. ಕನ್ನಡ ಬರಹದಲ್ಲಿ ತಲಕಟ್ಟಿಲ್ಲದ ಸಾಲು ಅಪರೂಪ. ಆದರೆ ಯುಟಿಎಫ್-8ರಲ್ಲಿ C0 ಎಂಬ ಬೈಟ್ ಎಲ್ಲಿಯೂ ಬರುವಂತಿಲ್ಲ. ‘ಾ’ ಚಿಹ್ನೆಯ C1 ಕೂಡ ಹಾಗೆಯೇ. ಹೀಗಾಗಿ ನುಡಿಯ ಕಡತ ಯುಟಿಎಫ್-8 ಪರೀಕ್ಷೆಯಲ್ಲಿ ತಾನಾಗಿಯೇ ಸಿಕ್ಕಿಬೀಳುತ್ತದೆ.

ಆ ನಿಷೇಧಕ್ಕೆ ಕಾರಣವಿದೆ. C0ಯಿಂದ ಶುರುವಾಗುವ ಜೋಡಿ, ಒಂದೇ ಬೈಟಿನಲ್ಲಿ ಬರೆಯಬಹುದಾದ ಅಕ್ಷರವನ್ನು ಸುಮ್ಮನೆ ಎರಡರಲ್ಲಿ ಬರೆದಂತೆ. C0 AF ಎಂಬ ಜೋಡಿಯನ್ನು ಸಡಿಲವಾಗಿ ಓದಿದರೆ ಓರೆಗೆರೆ ‘/’ ಸಿಗುತ್ತದೆ. 2000ದಲ್ಲಿ ಮೈಕ್ರೋಸಾಫ್ಟ್‌ನ ಐಐಎಸ್ ಸರ್ವರ್‌ಗಳ ಕಾವಲು ತಪ್ಪಿಸಿ ಒಳಗಿನ ಫೋಲ್ಡರ್‌ಗಳಿಗೆ ನುಗ್ಗಲು ದಾಳಿಕೋರರು ಬಳಸಿದ್ದು ಇದೇ ಉಪಾಯವನ್ನು. ನುಡಿಯಲ್ಲಿ ‘ಕಲಾ’ ಎಂದು ಬರೆದರೆ ಬೈಟ್‌ಗಳು 50 C0 AF C1. ಪಾಪ, ಯಾರೋ ಕಲಾವಿದರ ಪಟ್ಟಿ ಕಳಿಸಿದರೂ ಅದರೊಳಗೆ ಆ ಜೋಡಿ ಕೂತಿರುತ್ತದೆ! ಆದ್ದರಿಂದ ಪರೀಕ್ಷೆ ಕಟ್ಟುನಿಟ್ಟಾಗಿಯೇ ಇರಲಿ; ತಪ್ಪು ಕಂಡಲ್ಲಿ ಹೊಂದಿಸಿಕೊಂಡು ಹೋಗುವ ಆಯ್ಕೆಯನ್ನು ಬಳಸಬೇಡಿ.

```python
data = open("taluk.txt", "rb").read()
try:
    text = data.decode("utf-8-sig")
except UnicodeDecodeError:
    text = None
```

ಇಲ್ಲಿ ಕಡತವನ್ನು ಪೂರ್ತಿ ಓದಿರುವುದು ಉದ್ದೇಶಪೂರ್ವಕ. ಮೊದಲ 4096 ಬೈಟ್ ಮಾತ್ರ ನೋಡಿ ತೀರ್ಮಾನಿಸಿದರೆ, ಮೂರು ಬೈಟಿನ ಅಕ್ಷರವೊಂದು ನಡುವೆ ತುಂಡಾಗಿ, ಸರಿಯಿದ್ದ ಕಡತವೂ ಅನುತ್ತೀರ್ಣವಾದೀತು. ಇದಕ್ಕೂ ಮುನ್ನ ಆರಂಭದಲ್ಲಿ FF FE ಇದೆಯೇ ಎಂದು ನೋಡಬೇಕು. ಇದ್ದರೆ ಅದು ಹೆಚ್ಚಾಗಿ ಯುಟಿಎಫ್-16. ಹಳೆಯ ನೋಟ್‌ಪ್ಯಾಡ್‌ನಲ್ಲಿ ‘ಯೂನಿಕೋಡ್’ ಎಂದು ಆರಿಸಿ ಉಳಿಸಿದ ಕಡತಗಳು ಈ ಬಗೆಯವು. ಅದರಲ್ಲಿ ಕನ್ನಡವಿದ್ದರೆ ಎರಡಕ್ಕೊಂದು ಬೈಟ್ 0C ಆಗಿರುತ್ತದೆ.

ಮುಂದಿನದು ನಿಜವಾದ ಬೋನು. ಊಹಿಸುವ ಸಾಮಾನ್ಯ ಸಲಕರಣೆಗಳಿಗೆ ನುಡಿಯ ಪರಿಚಯವಿಲ್ಲ. ಅವು ಈ ಕಡತವನ್ನು ನೋಡಿ ISO-8859-1 ಅಥವಾ Windows-1252 ಎಂದು, ಅಂದರೆ ಪಶ್ಚಿಮ ಯುರೋಪಿನ ಬರಹ ಎಂದು ಹೇಳುತ್ತವೆ. ISO-8859-1ಕ್ಕೆ 256 ಬೈಟ್‌ಗಳಲ್ಲಿ ಯಾವುದು ಕೊಟ್ಟರೂ ಸಮ್ಮತವೇ. ಆದ್ದರಿಂದ ‘ದೋಷವಿಲ್ಲದೆ ತೆರೆಯಿತು’ ಎಂಬುದು ಯಾವ ಸಾಕ್ಷಿಯೂ ಅಲ್ಲ. ಆ ಮಾತು ನಂಬಿ ಪರಿವರ್ತಿಸಿದರೆ ಕೈಗೆ ಬರುವುದು ಲಕ್ಷಣವಾದ ಯುಟಿಎಫ್-8 ಕಡತವೇ, ಆದರೆ ಒಳಗೆ ಇನ್ನೂ ºÀ£ÀÆgÀÄ. ವಿಚಿತ್ರವೆಂದರೆ ಇದರ ಗಾತ್ರ 15 ಬೈಟ್. ಯೂನಿಕೋಡ್‌ನಲ್ಲಿ ಸರಿಯಾಗಿ ಬರೆದ ‘ಹನೂರು’ ಪದದ್ದೂ 15. ಗಾತ್ರ ನೋಡಿ ಹಿಡಿಯೋಣವೆಂದರೆ ಅದೂ ಆಗದು. ಹಿಡಿಯುವ ದಾರಿ À ಅಕ್ಷರದ್ದೇ. ಫ್ರೆಂಚ್ ಬರಹದಲ್ಲಿ ಅದು ಅಪರೂಪ, ಬಂದರೂ ಹೆಚ್ಚಾಗಿ ಪದದ ಮೊದಲಲ್ಲಿ. ಪದದ ನಡುವೆ, ಅದೂ £ ಅಥವಾ ¼ ಚಿಹ್ನೆಗಳ ಬೆನ್ನಿಗೆ, ಪದೇ ಪದೇ ಬಂದರೆ ಅದು ತಲಕಟ್ಟೇ ಸರಿ.

ನುಡಿ ಎಂದು ಖಚಿತವಾದ ಮೇಲೂ ಒಂದಕ್ಕೊಂದು ಬದಲಿಸಿದರೆ ಸಾಲದು. ನುಡಿ ಕಾಪಿಟ್ಟಿರುವುದು ಅಕ್ಷರವನ್ನಲ್ಲ, ಅಕ್ಷರದ ಆಕಾರದ ತುಂಡುಗಳನ್ನು, ಅದೂ ಕಾಗದದ ಮೇಲೆ ಕಾಣುವ ಕ್ರಮದಲ್ಲಿ. ಯಳಂದೂರಿನಲ್ಲಿ A ಎರಡು ಕಡೆ ಇದೆ. ನಡುವಿನದು ಅನುಸ್ವಾರ, ಮೊದಲಿನದು AiÀÄ ಎಂಬ ನಾಲ್ಕು ತುಂಡುಗಳ ‘ಯ’ದ ಭಾಗ. ಆದ್ದರಿಂದ ಉದ್ದದ ಜೋಡಣೆಯನ್ನು ಮೊದಲು ಹುಡುಕಬೇಕು, ಒಂಟಿ ತುಂಡನ್ನು ಆಮೇಲೆ. ಕೊಳ್ಳೇಗಾಲದ ‘ಳ್ಳೇ’ಯಲ್ಲಿ ಕ್ರಮ ಹೀಗಿದೆ: ಳ, ಎತ್ವ, ಒತ್ತಕ್ಷರ, ದೀರ್ಘ. ಯೂನಿಕೋಡ್‌ಗೆ ಬೇಕಾದದ್ದು ಉಚ್ಚಾರದ ಕ್ರಮ: ಳ, ಹಲಂತ, ಳ, ಏತ್ವ. ಒತ್ತಕ್ಷರವನ್ನು ಮುಂದಕ್ಕೆ ತಂದ ಮೇಲೇ ಎತ್ವ, ದೀರ್ಘ ಎರಡೂ ಪಕ್ಕಪಕ್ಕ ಬಂದು NFC ಎಂಬ ಕ್ರಮಬದ್ಧಗೊಳಿಸುವ ಹಂತದಲ್ಲಿ ಒಂದೇ ‘ೇ’ ಆಗುತ್ತವೆ. ಈ ಹಂತ ಬಿಟ್ಟರೆ ಪರದೆಯ ಮೇಲೆ ಒಂದೇ ರೀತಿ ಕಾಣುವ ಎರಡು ಕೊಳ್ಳೇಗಾಲಗಳು ಹುಟ್ಟಿ, ಒಂದನ್ನು ಹುಡುಕಿದರೆ ಇನ್ನೊಂದು ಸಿಗುವುದಿಲ್ಲ. ಹನೂರು ತಾಲ್ಲೂಕಿನ ಮಾರ್ಟಳ್ಳಿಯಲ್ಲಿ ಅರ್ಕಾವೊತ್ತು ‘ಟ’ದ ನಂತರ ಕೂತಿರುತ್ತದೆ, ಅದನ್ನು ‘ಟ’ದ ಹಿಂದಕ್ಕೆ ಒಯ್ದು ‘ರ್’ ಮಾಡಬೇಕು.

ಪರಿವರ್ತಿಸಿದ್ದನ್ನು ಮತ್ತೆ ನುಡಿಗೆ ತಿರುಗಿಸಿ ಮೂಲದ ಬೈಟ್‌ಗಳೊಡನೆ ಹೋಲಿಸುವುದು ಒಳ್ಳೆಯ ತಾಳೆ. ಹೊಂದದ ಸಾಲುಗಳನ್ನಷ್ಟೇ ಕಣ್ಣಿಟ್ಟು ಓದಿದರಾಯಿತು. ಕನ್ನಡದ ನಡುವೆ ಬಂದ ಇಂಗ್ಲಿಷ್ ಪದಗಳು ಸಾಮಾನ್ಯವಾಗಿ ಇಲ್ಲೇ ಕಾಟ ಕೊಡುತ್ತವೆ. ವರ್ಡ್ ಕಡತದಲ್ಲಾದರೆ ಫಾಂಟ್ ಹೆಸರು ನೋಡಿ P ಎಂಬುದು ‘ಕ’ದ ತುಂಡೋ ಇಂಗ್ಲಿಷಿನದೋ ತಿಳಿಯಬಹುದು, ಸಾದಾ ಪಠ್ಯದಲ್ಲಿ ಆ ಮಾಹಿತಿಯೇ ಇಲ್ಲ. ಇನ್ನು ಮೂಲ ಕಡತವನ್ನು ಯಾವ ಕಾರಣಕ್ಕೂ ಅಳಿಸಬಾರದು.

ಏಕೆಂದರೆ ಸರಿಯಾದ ಯುಟಿಎಫ್-8 ಕಡತವೇ ಕೈತಪ್ಪಿ ಕೆಡುವುದೂ ಉಂಟು. ಯಾರಾದರೂ ಅದನ್ನು Windows-1252 ಎಂದು ತೆರೆದು ಮತ್ತೆ ಯುಟಿಎಫ್-8 ಆಗಿ ಉಳಿಸಿದರೆ ‘ಹ’ ಹೋಗಿ à²¹ ಬರುತ್ತದೆ. à² ಮತ್ತು à³ ಸಾಲುಗಟ್ಟಿ ಕಂಡರೆ ಕೆಟ್ಟದ್ದು ಹೀಗೇ ಎಂದು ತಿಳಿಯಿರಿ. ಅದೇ ದಾರಿಯಲ್ಲಿ ಹಿಂದಕ್ಕೆ ನಡೆದರೆ ಬಹುಪಾಲು ಸರಿಹೋಗುತ್ತದೆ. ಆದರೆ Windows-1252ರಲ್ಲಿ ಐದು ಸ್ಥಾನ ಖಾಲಿ: 81, 8D, 8F, 90, 9D. ಕನ್ನಡದ ಕೊಂಬು ‘ು’ E0 B3 81ರಲ್ಲಿಯೂ ಹಲಂತ E0 B3 8Dಯಲ್ಲಿಯೂ ಕೊನೆಯಾಗುತ್ತವೆ. ಕೆಲವು ತಂತ್ರಾಂಶಗಳು ಈ ಬೈಟ್‌ಗಳನ್ನು ಹಾಗೇ ಉಳಿಸುತ್ತವೆ, ಕೆಲವು ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಹೋಗುತ್ತವೆ. ಎರಡನೆಯ ಬಗೆಯದರ ಕೈಗೆ ಸಿಕ್ಕರೆ ನಮ್ಮ ಮೂರು ಊರುಗಳೂ ಗಾಯಗೊಳ್ಳುತ್ತವೆ: ಹನೂರು, ಯಳಂದೂರುಗಳ ಕೊನೆಯ ಕೊಂಬು ಹೋಗುತ್ತದೆ, ಕೊಳ್ಳೇಗಾಲದ ಹಲಂತ ಹೋಗುತ್ತದೆ. à³ ನಂತರ ಕಾಣೆಯಾದದ್ದು ಇವೆರಡರಲ್ಲಿ ಒಂದು ಎಂಬಷ್ಟು ಮಾತ್ರ ಹೇಳಬಹುದು. ಊರಿನ ಹೆಸರಾದರೆ ಗ್ರಾಮಗಳ ಪಟ್ಟಿ ನೋಡಿ ತುಂಬಬಹುದು. ‘ಕುಮಾರ್’ ಇದ್ದದ್ದೋ ‘ಕುಮಾರು’ ಇದ್ದದ್ದೋ ಎಂಬುದನ್ನು ಯಾವ ಪಟ್ಟಿಯೂ ಹೇಳದು. ಆ ಸಾಲಿಗೆ ಗುರುತು ಹಾಕಿ, ಕಳಿಸಿದವರಿಂದ ಕೆಡದ ಪ್ರತಿಯನ್ನೇ ಕೇಳಿ ಪಡೆಯಬೇಕು.