1930ರ ದಶಕದ ಆರ್ಥಿಕ ಮುಗ್ಗಟ್ಟು: ದಕ್ಷಿಣ ಕನ್ನಡದ ಸಾಲವೂ ಸರಕಾರದ ಪರಿಹಾರವೂ

1929ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿದುದರಿಂದಲೇ ಜಗತ್ತಿಗೆ ಆರ್ಥಿಕ ಮುಗ್ಗಟ್ಟು ಬಂದಿತೆಂದು ಶಾಲೆಯ ಪಠ್ಯಪುಸ್ತಕಗಳು ಸಾಮಾನ್ಯವಾಗಿ ಹೇಳುತ್ತವೆ. ಈ ಮಾತು ಅಸತ್ಯವಲ್ಲ. ಆದರೆ ಷೇರು ಎಂಬುದನ್ನು ಕಂಡೇ ಇರದ ಬಂಟ್ವಾಳದ ಅಥವಾ ಪುತ್ತೂರಿನ ಬೇಸಾಯಗಾರನು ಅದರಿಂದ ಏಕೆ ಕೆಟ್ಟನೆಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಆ ಉತ್ತರವನ್ನು ನಾವು ನಮ್ಮ ಜಿಲ್ಲೆಯ ಅಕ್ಕಿಯ ಮುಡಿಯಲ್ಲಿಯೂ ಸಾಲಪತ್ರದಲ್ಲಿಯೂ ಹುಡುಕಬೇಕಾಗಿದೆ.

ಮೊದಲನೆಯ ಮಹಾಯುದ್ಧದ ತರುವಾಯ ಗೋಧಿ, ಸಕ್ಕರೆ, ಹತ್ತಿ ಮುಂತಾದವುಗಳ ಉತ್ಪತ್ತಿಯು ಬೇಡಿಕೆಯನ್ನು ಮೀರಿ ಬೆಳೆದಿತ್ತು. ಯುರೋಪಿನ ದೇಶಗಳು ಅಮೆರಿಕದಿಂದ ತಂದ ಸಾಲದ ಬಲದಿಂದ ನಡೆಯುತ್ತಿದ್ದುವು. ಆ ಸಾಲ ನಿಂತೊಡನೆ ಕೊಳ್ಳುವವರ ಕೈ ಬರಿದಾಯಿತು. 1930ರಲ್ಲಿ ಅಮೆರಿಕವು ಆಮದು ಸುಂಕವನ್ನು ಏರಿಸಿತು. ಇತರ ದೇಶಗಳೂ ಅದೇ ದಾರಿ ಹಿಡಿದುವು. ಸುವರ್ಣಮಾನಕ್ಕೆ ಕಟ್ಟುಬಿದ್ದ ಸರಕಾರಗಳು ನಾಣ್ಯದ ಬೆಲೆಯನ್ನು ಕಾಪಾಡುವುದಕ್ಕಾಗಿ ಹಣದ ಚಲಾವಣೆಯನ್ನು ಬಿಗಿಹಿಡಿದುದರಿಂದ ಧಾರಣೆಗಳು ಇನ್ನಷ್ಟು ಇಳಿದುವು.

ಭಾರತದಲ್ಲಿ ಈ ಬಿಗಿತಕ್ಕೆ ಮತ್ತೊಂದು ಕಾರಣವಿತ್ತು. 1927ರ ಶಾಸನವು ರೂಪಾಯಿಯ ಬೆಲೆಯನ್ನು 1 ಷಿಲಿಂಗ್ 6 ಪೆನ್ಸ್ ಎಂದು ನಿಗದಿಮಾಡಿತ್ತು. ಇದು ಹೆಚ್ಚಾಯಿತು, 1 ಷಿಲಿಂಗ್ 4 ಪೆನ್ಸ್ ಸಾಕು ಎಂಬುದು ಭಾರತೀಯ ವರ್ತಕರ ವಾದವಾಗಿತ್ತು. ಲಂಡನ್ನಿಗೆ ಪ್ರತಿವರ್ಷ ಸಲ್ಲಿಸಬೇಕಾದ ಮೊತ್ತಗಳ ಚಿಂತೆಯಿದ್ದ ಸರಕಾರವು ಈ ದರವನ್ನು ಬಿಟ್ಟುಕೊಡದೆ, ಅದನ್ನು ಉಳಿಸುವುದಕ್ಕಾಗಿ ಹಣದ ಚಲಾವಣೆಯನ್ನೇ ತಗ್ಗಿಸಿತು. 1914ರ ಜುಲೈ ತಿಂಗಳ ಬೆಲೆಯನ್ನು 100 ಎಂದಿಟ್ಟುಕೊಂಡ ಕಲ್ಕತ್ತೆಯ ಸಗಟು ಬೆಲೆಗಳ ಸೂಚ್ಯಂಕವು 1929ರಲ್ಲಿ 141 ಇದ್ದುದು 1933ರಲ್ಲಿ 87ಕ್ಕೆ ಇಳಿಯಿತು.

ನಮ್ಮ ಕರಾವಳಿಗೆ ಬರ್ಮಾದ ಅಕ್ಕಿಯ ಕಾಟವೂ ಸೇರಿಕೊಂಡಿತು. 1937ರವರೆಗೆ ಬರ್ಮಾ ಭಾರತದ ಆಡಳಿತದಲ್ಲಿಯೇ ಸೇರಿದ್ದುದರಿಂದ ರಂಗೂನಿನಿಂದ ಬರುವ ಅಕ್ಕಿಯನ್ನು ಸುಂಕದಿಂದ ತಡೆಯುವಂತಿರಲಿಲ್ಲ. ತೆಂಗಿನ ಬೆಳೆಗಾರರಿಗೆ ಸಿಂಹಳದ ಕೊಬ್ಬರಿಯು ಇಂತಹುದೇ ಎದುರಾಳಿಯಾಯಿತು.

ಆದರೆ ಬೆಲೆ ಇಳಿಯುವುದೇ ಕೇಡಲ್ಲ. ಎಲ್ಲ ಬೆಲೆಗಳೂ, ಎಲ್ಲ ಋಣಗಳೂ ಒಂದೇ ಪ್ರಮಾಣದಲ್ಲಿ ಇಳಿದಿದ್ದರೆ ಯಾರಿಗೂ ಹೆಚ್ಚಿನ ನಷ್ಟವಾಗುತ್ತಿರಲಿಲ್ಲ. ಇಲ್ಲಿ ಹಾಗಾಗಲಿಲ್ಲ. ದಕ್ಷಿಣ ಕನ್ನಡದ ಗೇಣಿಯು ಬಹುಮಟ್ಟಿಗೆ ಅಕ್ಕಿಯ ಮುಡಿಗಳಲ್ಲಿ ಸಲ್ಲುತ್ತಿತ್ತು. ಸರಕಾರದ ತೀರ್ವೆಯೂ ಸಾಲದ ಬಡ್ಡಿಯೂ ರೂಪಾಯಿಗಳಲ್ಲಿದ್ದುವು. ಆದಕಾರಣ ಪೆಟ್ಟು ಮೊದಲು ತಗಲಿದುದು ಒಡೆಯನಾದ ವರ್ಗದಾರನಿಗೆ. ಅವನಿಗೆ ಬರುವ ಮುಡಿಗಳ ಸಂಖ್ಯೆ ಕಡಿಮೆಯಾಗಲಿಲ್ಲ, ಅವುಗಳಿಂದ ಹುಟ್ಟುವ ರೂಪಾಯಿ ಕಡಿಮೆಯಾಯಿತು. ಮೂಲಗೇಣಿಯ ಒಕ್ಕಲಿಗೆ ಗೇಣಿಯು ಶಾಶ್ವತವಾಗಿ ಗೊತ್ತಾಗಿದ್ದುದರಿಂದ ಒಡೆಯನು ಅದನ್ನು ಏರಿಸುವಂತಿರಲಿಲ್ಲ. ಬಿಡಿಸಬಹುದಾದ ಚಾಲಗೇಣಿಯ ಒಕ್ಕಲಿನ ಮೇಲೆಯೇ ಒತ್ತಡವೆಲ್ಲ ಜಾರಿತು. ಗೇಣಿ ಕಾಳಿನಲ್ಲಿದ್ದುದರಿಂದ ಒಕ್ಕಲು ಪಾರಾದನೆಂದು ಹೇಳುವವರು ಈ ಭೇದವನ್ನು ಗಮನಿಸಿಲ್ಲವೆಂದು ನಮಗೆ ತೋರುತ್ತದೆ.

ಸಾಲದ ವಿಷಯವನ್ನು ಒಂದು ಕಲ್ಪಿತ ಲೆಕ್ಕದಿಂದ ಸ್ಪಷ್ಟಪಡಿಸಬಹುದು. ಒಬ್ಬ ವರ್ಗದಾರನು 1926ರ ಅಕ್ಟೋಬರಿನಲ್ಲಿ ನೂರಕ್ಕೆ 12ರ ಸರಳಬಡ್ಡಿಯಂತೆ ಭೂಮಿಯನ್ನು ಅಡವಿಟ್ಟು 500 ರೂಪಾಯಿ ಸಾಲ ತಂದನೆನ್ನೋಣ. ಆಗ ಮುಡಿಗೆ 6 ರೂಪಾಯಿ ಇದ್ದಿತೆಂದು ಭಾವಿಸಿದರೆ ಅಸಲು ಸುಮಾರು 83 ಮುಡಿ, ವರ್ಷದ ಬಡ್ಡಿಯ 60 ರೂಪಾಯಿಗೆ 10 ಮುಡಿ. ಧಾರಣೆ 3 ರೂಪಾಯಿಗೆ ಇಳಿದಾಗ ಅದೇ ಬಡ್ಡಿಗೆ 20 ಮುಡಿ ಬೇಕು. ಅಸಲು 167 ಮುಡಿಗೆ ಏರಿತು. ಸಾಲಪತ್ರದಲ್ಲಿ ಒಂದಕ್ಷರವೂ ಬದಲಾಗಲಿಲ್ಲ. ನಾಲ್ಕು ವರ್ಷ ಬಡ್ಡಿ ಕಟ್ಟಿ 1930ರಿಂದ ನಿಲ್ಲಿಸಿದವನ ಮೇಲೆ 1937ರ ಅಕ್ಟೋಬರಿಗೆ ಬಡ್ಡಿಯ ಬಾಕಿ 420, ಅಸಲು 500, ಒಟ್ಟು 920 ರೂಪಾಯಿ ನಿಂತಿತು.

ಇಂತಹ ಲೆಕ್ಕ ಮನೆಮನೆಯಲ್ಲಿಯೂ ಬೆಳೆಯುತ್ತಿದ್ದಿತು. ಮದರಾಸು ಪ್ರಾಂತದ ಬೇಸಾಯಗಾರರ ಸಾಲವನ್ನು 1930ರ ಬ್ಯಾಂಕಿಂಗ್ ವಿಚಾರಣಾ ಸಮಿತಿಯು 150 ಕೋಟಿ ರೂಪಾಯಿಗಳೆಂದು ಅಂದಾಜುಮಾಡಿತ್ತು; 1935ರಲ್ಲಿ ಸತ್ಯನಾಥನ್ ಅವರ ವರದಿಯು ಅದನ್ನು 200 ಕೋಟಿ ಎಂದಿತು. ಹೊಸ ಸಾಲಕ್ಕಿಂತಲೂ ತೀರದ ಬಡ್ಡಿಯೇ ಇದಕ್ಕೆ ಮುಖ್ಯ ಕಾರಣವೆಂದು ನಮ್ಮ ಅಭಿಪ್ರಾಯ.

ಆ ವರ್ಷಗಳಲ್ಲಿ ಮನೆಯ ಚಿನ್ನ ಕೈಹಿಡಿಯಿತು. 1931ರ ಸೆಪ್ಟೆಂಬರ್ 21ರಂದು ಬ್ರಿಟನ್ ಸುವರ್ಣಮಾನವನ್ನು ಬಿಟ್ಟಾಗ ರೂಪಾಯಿಯನ್ನು ಹಳೆಯ ದರದಲ್ಲಿಯೇ ಸ್ಟರ್ಲಿಂಗಿಗೆ ಕಟ್ಟಲಾಯಿತು. ತೊಲಕ್ಕೆ ಸುಮಾರು 21 ರೂಪಾಯಿ ಇದ್ದ ಚಿನ್ನ ಕೆಲವೇ ವರ್ಷಗಳಲ್ಲಿ 30ನ್ನು ದಾಟಿತು. ಹೆಂಗಸರ ಒಡವೆಗಳು ಅಕ್ಕಸಾಲಿಗನ ಕುಲುಮೆಯ ಮೂಲಕ ಮುಂಬಯಿಗೂ ಅಲ್ಲಿಂದ ಲಂಡನ್ನಿಗೂ ಹೋದುವು. ಈ ರಫ್ತನ್ನು ತಡೆಯಬೇಕೆಂಬ ಬೇಡಿಕೆಗೆ ಸರಕಾರ ಕಿವಿಗೊಡಲಿಲ್ಲ. ಚಿನ್ನ ಹೊರಟಷ್ಟೂ ವಿನಿಮಯ ದರ ಭದ್ರವಾಗುತ್ತಿತ್ತು. ಇದೇ ಮುಗ್ಗಟ್ಟಿನ ನಡುವೆ, 1931ರ ಅಕ್ಟೋಬರಿನಲ್ಲಿ, ಅತ್ತಾವರ ಬಾಲಕೃಷ್ಣ ಶೆಟ್ಟರ ಮುಂದಾಳುತನದಲ್ಲಿ ಬೇಸಾಯಗಾರರೇ ಸೇರಿ ಮಂಗಳೂರಿನಲ್ಲಿ ವಿಜಯಾ ಬ್ಯಾಂಕನ್ನು ಸ್ಥಾಪಿಸಿದರು. (2019ರಲ್ಲಿ ಅದು ಬ್ಯಾಂಕ್ ಆಫ್ ಬರೋಡದಲ್ಲಿ ವಿಲೀನವಾಯಿತು.)

ಸರಕಾರದ ನೇರ ಪರಿಹಾರ ಬಂದುದು ತಡವಾಗಿ. ಅಮೆರಿಕದಲ್ಲಿ ರೂಸ್ವೆಲ್ಟರ ಸರಕಾರವು 1933ರಲ್ಲಿಯೇ ಬಿತ್ತನೆಯನ್ನು ತಗ್ಗಿಸಿದ ರೈತನಿಗೆ ಹಣ ಕೊಟ್ಟು ಬೆಲೆಯನ್ನೇ ಮೇಲೆತ್ತಲು ಹೊರಟಿತು. ಹಣದ ನೀತಿಯ ಮೇಲೆ ಅಧಿಕಾರವಿಲ್ಲದ ಮದರಾಸಿನ ಪ್ರಾಂತ ಸರಕಾರಕ್ಕೆ ಬೆಲೆ ಎತ್ತುವ ದಾರಿ ಮುಚ್ಚಿತ್ತು. ಸಾಲವನ್ನು ತಗ್ಗಿಸುವ ದಾರಿಯೊಂದೇ ಉಳಿದಿತ್ತು. 1936ರ ಶಾಸನದಂತೆ ಏರ್ಪಟ್ಟ ಸಾಲ ರಾಜಿ ಮಂಡಲಿಗಳು ಎರಡು ಪಕ್ಷಗಳನ್ನೂ ಒಪ್ಪಿಸಿ ನಡೆಯಬೇಕಾಗಿದ್ದುವು. ರಾಜಗೋಪಾಲಾಚಾರಿಯವರ ಮಂತ್ರಿಮಂಡಲವು 1938ರಲ್ಲಿ ತಂದ ಕೃಷಿಕರ ಋಣಪರಿಹಾರ ಶಾಸನವು ಒಪ್ಪಿಗೆಯನ್ನು ಕೇಳಲಿಲ್ಲ. 1932ರ ಅಕ್ಟೋಬರ್ 1ಕ್ಕಿಂತ ಮೊದಲು ಮಾಡಿದ ಸಾಲಗಳ ಮೇಲೆ 1937ರ ಅಕ್ಟೋಬರ್ 1ರಂದು ನಿಂತಿದ್ದ ಬಡ್ಡಿಯೆಲ್ಲ ರದ್ದಾಯಿತು. ಅಸಲಿನ ಎರಡರಷ್ಟು ಹಣ ಈಗಾಗಲೇ ಸಂದಿದ್ದರೆ ಸಾಲವೇ ತೀರಿತು. ಸಂದಿರದಿದ್ದರೆ ಎರಡರಷ್ಟಕ್ಕೆ ಕಡಿಮೆ ಬೀಳುವ ಮೊತ್ತ ಅಥವಾ ಉಳಿದ ಅಸಲು, ಇವೆರಡರಲ್ಲಿ ಚಿಕ್ಕದನ್ನು ಕೊಟ್ಟರೆ ಸಾಕು. ಅನಂತರದ ಸಾಲಗಳಿಗೆ ಶಾಸನ ಜಾರಿಗೆ ಬರುವವರೆಗೆ ನೂರಕ್ಕೆ 5ರ ಬಡ್ಡಿಯನ್ನು ಗೊತ್ತುಮಾಡಲಾಯಿತು.

ನಮ್ಮ ವರ್ಗದಾರನ ಲೆಕ್ಕಕ್ಕೆ ಇದನ್ನು ಅನ್ವಯಿಸೋಣ. ಅವನು ಕಟ್ಟಿದ್ದು 240 ರೂಪಾಯಿ; ಎರಡರಷ್ಟಾದ 1000ಕ್ಕೆ ಉಳಿದುದು 760; ಅಸಲು 500. ಚಿಕ್ಕದು 500. ಹೀಗೆ 920 ರೂಪಾಯಿಯ ಸಾಲ 500ಕ್ಕೆ ಇಳಿಯಿತು. ಆದರೆ ಮುಡಿಗೆ 3 ರೂಪಾಯಿಯ ಧಾರಣೆಯೇ ಮುಂದುವರಿದಿದ್ದರೆ ಈ 500 ಎಂಬುದು ಇನ್ನೂ 167 ಮುಡಿ, ಅವನು ತಂದುದರ ಎರಡರಷ್ಟು! ಶಾಸನವು ಬಡ್ಡಿಯನ್ನು ಅಳಿಸಿತೇ ಹೊರತು ಅಸಲಿನ ಮೇಲೆ ಬೆಲೆಯಿಳಿತವು ಹೇರಿದ ಭಾರವನ್ನು ಮುಟ್ಟಲಿಲ್ಲ. ವಿದ್ಯಾರ್ಥಿಗಳು ಈ ಶಾಸನವನ್ನು ಓದುವಾಗ ರೂಪಾಯಿಯ ಲೆಕ್ಕವನ್ನೂ ಮುಡಿಯ ಲೆಕ್ಕವನ್ನೂ ಜತೆಜತೆಯಾಗಿ ಬರೆದುಕೊಳ್ಳುವುದು ಒಳ್ಳೆಯದು.

ಸಾಲ ಕೊಟ್ಟವರೆಲ್ಲರೂ ಶ್ರೀಮಂತರಲ್ಲವೆಂಬುದು ಶಾಸನಕರ್ತರಿಗೆ ತಿಳಿದಿತ್ತು. ಬೇರೆ ಆಸ್ತಿಯಿಲ್ಲದ ಹೆಂಗಸಿಗೆ ಬರಬೇಕಾದ 3000 ರೂಪಾಯಿಗಳವರೆಗಿನ ಅಸಲಿನ ಸಾಲವನ್ನು ಅವರು ಈ ಕಟ್ಟಳೆಯಿಂದ ಹೊರಗಿಟ್ಟರು. ಸಹಕಾರ ಸಂಘಗಳ ಸಾಲವೂ ಹೊರಗುಳಿಯಿತು. ಚಾಲಗೇಣಿಯ ಒಕ್ಕಲನ್ನು ಬಿಡಿಸುವ ಒಡೆಯನ ಹಕ್ಕಿಗೆ ಮಾತ್ರ ಇದರಿಂದ ಯಾವ ಅಡ್ಡಿಯೂ ಬರಲಿಲ್ಲ.

ಅಸಲಿನ ಭಾರವನ್ನು ಇಳಿಸಿದುದು ಎರಡನೆಯ ಮಹಾಯುದ್ಧ. 1942ರಲ್ಲಿ ಬರ್ಮಾ ಜಪಾನಿನ ವಶವಾಗಿ ರಂಗೂನಿನ ಅಕ್ಕಿ ನಿಂತಿತು, ಧಾರಣೆಗಳು ಏರಿದುವು. ಮಾರಲು ಅಕ್ಕಿಯಿದ್ದವನಿಗೆ ಹಳೆಯ ಸಾಲ ಹಗುರವಾಯಿತು. ಅಕ್ಕಿಯನ್ನು ಕೊಂಡು ಉಣ್ಣಬೇಕಾದ ಕೂಲಿಗಾರನಿಗೂ ಮಂಗಳೂರಿನ ಹಂಚಿನ ಕಾರ್ಖಾನೆಗಳ ಕೆಲಸಗಾರನಿಗೂ ಕಷ್ಟಕಾಲ ಆಗ ಮೊದಲಾಯಿತು.