ಅಳದ ಕೂಸಿಗೆ ಒಂದು ಹನಿ ರಕ್ತದ ಪರೀಕ್ಷೆ

ಹುಟ್ಟಿನಿಂದಲೇ ಥೈರಾಯ್ಡ್ ಗ್ರಂಥಿ ಇಲ್ಲದ, ಅಥವಾ ಇದ್ದೂ ಕೆಲಸ ಮಾಡದ ಕೂಸು ಮೊದಲ ವಾರಗಳಲ್ಲಿ ಬಹುಪಾಲು ಬೇರೆ ಕೂಸುಗಳಂತೆಯೇ ಕಾಣುತ್ತದೆ. ಗರ್ಭದಲ್ಲಿದ್ದಾಗ ತಾಯಿಯ ಹಾರ್ಮೋನು ಸ್ವಲ್ಪ ಮಟ್ಟಿಗೆ ಕೂಸಿಗೂ ದಾಟಿರುತ್ತದೆ. ಆ ಬುತ್ತಿ ಹುಟ್ಟಿದ ಮೇಲೆ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಆಮೇಲೆ ಕೂಸು ಹೆಚ್ಚು ನಿದ್ದೆ ಮಾಡುತ್ತದೆ, ಹಾಲಿಗೆ ಹಟ ಮಾಡುವುದಿಲ್ಲ, ಮಲಬದ್ಧತೆಯಾಗುತ್ತದೆ, ಕಾಮಾಲೆ ಬೇಗ ಇಳಿಯುವುದಿಲ್ಲ. ಮನೆಯವರಿಗೋ, 'ಎಷ್ಟು ಸಾಧು ಮಗು' ಎಂಬ ಸಂತೋಷ. ಒರಟು ದನಿ, ದಪ್ಪ ನಾಲಿಗೆ, ಉಬ್ಬಿದ ಹೊಕ್ಕುಳು ಕಣ್ಣಿಗೆ ಬೀಳುವ ಹೊತ್ತಿಗೆ ತಿಂಗಳುಗಳು ಕಳೆದಿರುತ್ತವೆ.

ಆ ತಿಂಗಳುಗಳಲ್ಲೇ ಮಿದುಳಿನ ನರಕೋಶಗಳು ಕವಲೊಡೆದು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ, ನರತಂತುಗಳಿಗೆ ಕೊಬ್ಬಿನ ಹೊದಿಕೆ ಬರುತ್ತದೆ. ಇದಕ್ಕೆಲ್ಲ ಥೈರಾಯ್ಡ್ ಹಾರ್ಮೋನು ಬೇಕೇ ಬೇಕು. ತಡವಾಗಿ ಔಷಧಿ ಕೊಟ್ಟರೆ ಎತ್ತರ ಸರಿಹೋಗಬಹುದು, ಕಳೆದುಹೋದ ಬುದ್ಧಿಶಕ್ತಿ ಪೂರ್ತಿ ಮರಳುವುದಿಲ್ಲ. ಹುಟ್ಟಿದ ಎರಡು ವಾರದೊಳಗೆ ಚಿಕಿತ್ಸೆ ಶುರುವಾಗಬೇಕೆನ್ನುವುದು ಈ ಕಾರಣಕ್ಕೆ.

ಹೀಗಾಗಿ ಲಕ್ಷಣಕ್ಕೆ ಕಾಯದೆ ಪರೀಕ್ಷೆ ಮಾಡಬೇಕು. ಹಿಮ್ಮಡಿ ಚುಚ್ಚಿ ತೆಗೆದ ರಕ್ತದ ಹನಿಗಳನ್ನು ವಿಶೇಷ ಕಾಗದದ ಮೇಲೆ ಒಣಗಿಸಿ ಟಿಎಸ್‌ಎಚ್ ಅಳೆಯುತ್ತಾರೆ. ಥೈರಾಯ್ಡನ್ನು ಕೆಲಸಕ್ಕೆ ಎಬ್ಬಿಸುವ ಹಾರ್ಮೋನಿದು. ಗ್ರಂಥಿ ಸೋತಷ್ಟೂ ಏರುತ್ತದೆ. ಆದರೆ ಹುಟ್ಟಿದ ಮೊದಲ ದಿನ ಎಲ್ಲ ಕೂಸುಗಳಲ್ಲೂ ಅದು ಜಿಗಿಯುತ್ತದೆ. ಆದ್ದರಿಂದ 48 ಗಂಟೆ ಕಳೆದ ಮೇಲೆ ರಕ್ತ ತೆಗೆಯುವುದು ಒಳ್ಳೆಯದು. ಬೇಗ ಮನೆಗೆ ಹೋಗುವವರಿಗೆ ಹೊಕ್ಕುಳಬಳ್ಳಿಯ ರಕ್ತದ ದಾರಿಯೂ ಇದೆ. ಅವಧಿಗೆ ಮೊದಲೇ ಹುಟ್ಟಿದ ಕೂಸುಗಳಲ್ಲಿ ಟಿಎಸ್‌ಎಚ್ ತಡವಾಗಿ ಏರಬಹುದು, ಅವಕ್ಕೆ ಕೆಲವು ವಾರಗಳ ನಂತರ ಮತ್ತೊಮ್ಮೆ ಪರೀಕ್ಷೆ ಬೇಕು.

ಮೂರು ಕಿಲೋ ತೂಕದ ಕೂಸಿಗೆ ಮೂರನೆಯ ದಿನ ಟಿಎಸ್‌ಎಚ್ 60 ಬಂತು ಎನ್ನೋಣ. 40 ದಾಟಿದರೆ ವೈದ್ಯರು ಖಚಿತಪಡಿಸಿಕೊಳ್ಳಲು ಕೈಯ ನರದಿಂದ ರಕ್ತ ತೆಗೆದು, ವರದಿಗೆ ಕಾಯದೆ ಲೆವೊಥೈರಾಕ್ಸಿನ್ ಶುರುಮಾಡುತ್ತಾರೆ. ದಿನಕ್ಕೆ ಕಿಲೋಗೆ 10ರಿಂದ 15 ಮೈಕ್ರೋಗ್ರಾಂ ಲೆಕ್ಕದಲ್ಲಿ ಈ ಕೂಸಿಗೆ 30ರಿಂದ 45. ಅಂದರೆ 25ರ ಮಾತ್ರೆ ಒಂದೂವರೆ. ಅದನ್ನು ಪುಡಿಮಾಡಿ ಚಮಚದಲ್ಲಿ ಸ್ವಲ್ಪ ಎದೆಹಾಲಿನೊಂದಿಗೆ ಆಗಲೇ ಕುಡಿಸಬೇಕು. ಬಾಟಲಿಯಲ್ಲಿ ಕಲಸಿದರೆ ಉಳಿದ ಹಾಲಿನೊಂದಿಗೆ ಔಷಧಿಯೂ ಉಳಿಯುತ್ತದೆ. ಕಬ್ಬಿಣ, ಕ್ಯಾಲ್ಸಿಯಂ ಹನಿಗಳನ್ನು ಕೆಲವು ಗಂಟೆ ಬಿಟ್ಟು ಕೊಡಬೇಕು, ಇಲ್ಲವಾದರೆ ಮಾತ್ರೆ ಸರಿಯಾಗಿ ಮೈಗೆ ಸೇರುವುದಿಲ್ಲ.

ಕೂಸಿನ ತೂಕ ಏರಿದಂತೆ ಪ್ರಮಾಣ ಬದಲಾಗುವುದರಿಂದ ರಕ್ತಪರೀಕ್ಷೆ ಮತ್ತೆ ಮತ್ತೆ ಬೇಕಾಗುತ್ತದೆ. ದೊಡ್ಡ ಎಡವಟ್ಟು ಆಗುವುದು ಇಲ್ಲೇ: ವರದಿ ಸರಿಯಾಗಿ ಬಂದ ಕೂಡಲೇ ಕಾಯಿಲೆ ವಾಸಿಯಾಯಿತೆಂದು ಮಾತ್ರೆ ನಿಲ್ಲಿಸಿಬಿಡುತ್ತಾರೆ. ಆ ವರದಿ ಸರಿಬಂದದ್ದೇ ಮಾತ್ರೆಯಿಂದ. ಕೆಲವರ ಸಮಸ್ಯೆ ತಾತ್ಕಾಲಿಕವೂ ಆಗಿರುತ್ತದೆ, ನಿಜ. ಆದರೆ ಅದನ್ನು ಪರೀಕ್ಷಿಸಲು ವೈದ್ಯರು ಔಷಧಿ ನಿಲ್ಲಿಸಿ ನೋಡುವುದು ಮಗುವಿಗೆ ಮೂರು ವರ್ಷ ತುಂಬಿದ ಮೇಲೆ. ಗ್ರಂಥಿಯೇ ಇಲ್ಲದವರಿಗೆ ಮಾತ್ರೆ ಜೀವನಪೂರ್ತಿ.